ಕೆಲಸ ಬಿಟ್ಟರೆ ಸಾಲಗಾರಳೇ?

ಪ್ರಶ್ನೆ: ನನಗೆ 31 ವರ್ಷ. ಊರು ಕಡೂರಿನ ಹತ್ತಿರ, ಕೆಲಸ ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಖರೀದಿ ವಿಭಾಗದಲ್ಲಿ. 5 ವರ್ಷ 8 ತಿಂಗಳು ದುಡಿದೆ. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು, ಆದರೆ ಅವರು 90 ದಿನ ಕಾಯಲು ಒಪ್ಪಲಿಲ್ಲ. ಮಾರ್ಚ್ 2ರಂದು ರಾಜೀನಾಮೆ ಮೇಲ್ ಕಳಿಸಿದೆ. 50 ದಿನ ಕೆಲಸ ಮಾಡಿ, ಎಲ್ಲವನ್ನೂ ಒಪ್ಪಿಸಿ ಏಪ್ರಿಲ್ 20ಕ್ಕೆ ಹೊರಬಂದೆ. ಮ್ಯಾನೇಜರ್ 'ಇಷ್ಟು ವರ್ಷ ಬೆಳೆಸಿದ್ದಕ್ಕೆ ಇದಾ ನೀನು ಮಾಡೋದು' ಅಂದರು. ಈಗ ಎಚ್‌ಆರ್‌ನವರು ಫುಲ್ ಅಂಡ್ ಫೈನಲ್ ಲೆಕ್ಕ ಕಳಿಸಿದ್ದಾರೆ. ಅದರ ಪ್ರಕಾರ ನನಗೆ ಬರಬೇಕಾದ್ದು ಏನೂ ಇಲ್ಲ, ನಾನೇ ₹39,000 ಕಟ್ಟಬೇಕು. ಕಟ್ಟಿದ ಮೇಲೆಯೇ ರಿಲೀವಿಂಗ್ ಲೆಟರ್, ಗ್ರಾಚ್ಯುಟಿ ವಿಷಯ ಆಮೇಲೆ ನೋಡೋಣ ಎನ್ನುತ್ತಾರೆ. ಕೇಸ್ ಹಾಕುತ್ತಾರೇನೋ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ. ಅಪ್ಪ 'ಸಾಲ ಮಾಡಿಯಾದರೂ ಕಟ್ಟಿ ಕೈ ತೊಳೆದುಕೊ' ಎನ್ನುತ್ತಾರೆ. ನಾನು ಮೋಸ ಮಾಡಿದ ಹಾಗಾಯಿತೇ? ಲೆಕ್ಕದ ಪ್ರತಿ ಮತ್ತು ನೇಮಕಾತಿ ಪತ್ರದಲ್ಲಿರುವ ನೋಟಿಸ್ ಷರತ್ತನ್ನು ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಐದೂಮುಕ್ಕಾಲು ವರ್ಷದ ದುಡಿಮೆಯ ಕೊನೆಗೆ ಬಂದ ಕಾಗದದಲ್ಲಿ ನಿಮ್ಮ ಹೆಸರಿನ ಮುಂದೆ ಬಾಕಿ ಎಂದಿದ್ದರೆ ಯಾರಿಗಾದರೂ ಹೊಟ್ಟೆ ಕಲಸುತ್ತದೆ. ಹಣದ ಚಿಂತೆಗಿಂತ ಆ ಮ್ಯಾನೇಜರ್ ಆಡಿದ ಮಾತು ನಿಮ್ಮನ್ನು ಹೆಚ್ಚು ಕೊರೆಯುತ್ತಿದೆ ಎಂದು ಪತ್ರ ಓದಿದಾಗ ಅನ್ನಿಸಿತು. ಅವರಿಗೂ ತಮ್ಮ ಕಷ್ಟ ಇದ್ದಿರಬಹುದು. ಕೆಲಸ ಗೊತ್ತಿದ್ದವರು ಹೊರಟುಬಿಟ್ಟರೆ ಆ ಹೊರೆ ಅವರ ತಲೆ ಮೇಲೆ ಬೀಳುತ್ತದೆ. ಬೇಸರದಲ್ಲಿ ಆಡಿದ ಮಾತು ಎಂದು ಅದನ್ನು ಅಲ್ಲಿಗೇ ಬಿಡಿ. ನೀವು ಹೇಳದೆ ಕೇಳದೆ ಹೋಗಿಲ್ಲ. ಬರೆದು ತಿಳಿಸಿದ್ದೀರಿ, 50 ದಿನ ದುಡಿದಿದ್ದೀರಿ, ಕೆಲಸ ಒಪ್ಪಿಸಿದ್ದೀರಿ. ಇದಕ್ಕೆ ಮೋಸ ಎನ್ನುವುದಿಲ್ಲ.

ನೋಟಿಸ್ ಪಿರಿಯಡ್ ಎಂಬುದು ಇಬ್ಬರ ನಡುವಿನ ಒಪ್ಪಂದ. ಅದರಲ್ಲೇ ಎರಡು ದಾರಿ ಇರುತ್ತದೆ: ಅಷ್ಟು ದಿನ ಕೆಲಸ ಮಾಡು, ಇಲ್ಲವೇ ಕಡಿಮೆಯಾದ ದಿನಗಳಿಗೆ ಹಣ ಕೊಡು. ಎರಡನೆಯ ದಾರಿಯನ್ನೇ ಬೈಔಟ್ ಎನ್ನುವುದು. ನೀವು ಹಿಡಿದದ್ದು ಅದನ್ನೇ. ದಿನ ತುಂಬದೆ ಹೋದ ಕಾರಣಕ್ಕೆ ಯಾರನ್ನೂ ಬಲವಂತವಾಗಿ ಕೆಲಸಕ್ಕೆ ಕೂರಿಸಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ಕಂಪನಿ ಕೇಳಬಹುದಾದ್ದು ಹಣ ಮಾತ್ರ. ಇದು ಸಿವಿಲ್ ವಿಷಯ, ಪೊಲೀಸರ ವಿಷಯವಲ್ಲ. ಅಪ್ಪನಿಗೂ ಇದನ್ನು ಓದಿ ಹೇಳಿ.

ಹಾಗಾದರೆ ಏನೂ ಕೊಡಬೇಕಿಲ್ಲವೇ ಎಂದರೆ, ಕೊಡಬೇಕು. 90ರಲ್ಲಿ 50 ದಿನ ಮಾಡಿದ್ದೀರಿ, 40 ದಿನ ಉಳಿಸಿದ್ದೀರಿ. ಆ 40 ದಿನಗಳ ಹಣ ಕಂಪನಿಗೆ ನ್ಯಾಯವಾಗಿ ಸೇರಬೇಕಾದ್ದು, ಅದರ ಬಗ್ಗೆ ತಕರಾರು ಬೇಡ. ಎಷ್ಟು ಎಂಬುದಷ್ಟೇ ಪ್ರಶ್ನೆ. ನಿಮಗೆ ಬಂದ ಕಾಗದ ಎಡವಿರುವುದು ಅಲ್ಲಿಯೇ.

ಆ ಕಾಗದವನ್ನು ಮುಂದಿಟ್ಟುಕೊಂಡು ಓದೋಣ. ನಿಮ್ಮ ತಿಂಗಳ ಒಟ್ಟು ಸಂಬಳ, ಅಂದರೆ ಗ್ರಾಸ್, ₹60,000. ಅದರಲ್ಲಿ ಬೇಸಿಕ್ ₹30,000. ಕಂಪನಿ ನಿಮಗೆ ಕೊಡಬೇಕಾದ್ದು ಎಂದು ಎರಡು ಬಾಬ್ತು ತೋರಿಸಿದೆ: ಏಪ್ರಿಲ್‌ನ 20 ದಿನದ ಸಂಬಳ ₹40,000, ಉಳಿದಿದ್ದ 18 ದಿನ ರಜೆಯ ನಗದೀಕರಣ ₹18,000. ಒಟ್ಟು ₹58,000. ಕಳೆಯಬೇಕಾದ್ದು ಎಂದು ನಾಲ್ಕು ಬಾಬ್ತು: ಪಿಎಫ್ ₹2,400, ವೃತ್ತಿ ತೆರಿಗೆ ₹200, ನೋಟಿಸ್ ಕೊರತೆ ₹80,000, ಅದರ ಮೇಲೆ ಶೇ. 18 ಜಿಎಸ್‌ಟಿ ₹14,400. ಒಟ್ಟು ₹97,000. ಹೀಗೆ ನಿಮ್ಮ ಮೇಲೆ ₹39,000 ಬಂದು ಕೂತಿದೆ. ಕೂಡಿಸುವುದು ಕಳೆಯುವುದರಲ್ಲಿ ತಪ್ಪಿಲ್ಲ, ಆದ್ದರಿಂದಲೇ ನೋಡಿದ ಕೂಡಲೇ ಸರಿ ಅನ್ನಿಸುತ್ತದೆ.

ಮೊದಲು ₹80,000 ನೋಡಿ. ₹60,000ವನ್ನು 30ರಿಂದ ಭಾಗಿಸಿ ದಿನಕ್ಕೆ ₹2,000 ಎಂದು ಹಿಡಿದು 40 ದಿನಕ್ಕೆ ಗುಣಿಸಿದ್ದಾರೆ. ಅಂದರೆ ಗ್ರಾಸ್ ಮೇಲೆ. ಆದರೆ ನೀವೇ ಕಳಿಸಿದ ನೇಮಕಾತಿ ಪತ್ರದ ಷರತ್ತಿನಲ್ಲಿ ಏನಿದೆ? '90 ದಿನಗಳ ನೋಟಿಸ್ ಅಥವಾ ಅದಕ್ಕೆ ಬದಲಾಗಿ ಬೇಸಿಕ್ ಸಂಬಳ' ಎಂದಿದೆ. ಉತ್ತರ ನಿಮ್ಮ ಲಕೋಟೆಯಲ್ಲೇ ಇತ್ತು! ಬೇಸಿಕ್ ₹30,000ವನ್ನು 30ರಿಂದ ಭಾಗಿಸಿದರೆ ದಿನಕ್ಕೆ ₹1,000, 40 ದಿನಕ್ಕೆ ₹40,000. ನಿಮ್ಮ ನಿಜವಾದ ಬಾಕಿ ಇಷ್ಟೇ, ಅವರು ಹೇಳಿದ್ದರ ಅರ್ಧ. ರಜೆಯ ಹಣವನ್ನು ನಿಮಗೆ ಕೊಡುವಾಗ ಇದೇ ಕಂಪನಿ ದಿನಕ್ಕೆ ₹1,000ದಂತೆ ಬೇಸಿಕ್ ಮೇಲೆಯೇ ಹಾಕಿದೆ ಎಂಬುದನ್ನೂ ಗಮನಿಸಿ. ಕೊಡುವಾಗ ಬೇಸಿಕ್, ಕಿತ್ತುಕೊಳ್ಳುವಾಗ ಗ್ರಾಸ್. ಇದು ಬೇಕೆಂದೇ ಮಾಡಿದ್ದು ಎಂದು ನಾನು ಹೇಳುವುದಿಲ್ಲ. ಎಷ್ಟೋ ಕಡೆ ಸಾಫ್ಟ್‌ವೇರ್‌ನಲ್ಲಿ ಎಲ್ಲರಿಗೂ ಒಂದೇ ಸೂತ್ರ ಕೂರಿಸಿರುತ್ತಾರೆ, ಯಾರ ನೇಮಕಾತಿ ಪತ್ರವನ್ನೂ ತೆಗೆದು ನೋಡಿರುವುದಿಲ್ಲ.

ಇದನ್ನು ಓದುತ್ತಿರುವ ಇತರರಿಗೂ ಇಲ್ಲೊಂದು ಮಾತು ಹೇಳಬೇಕು. ನಿಮ್ಮ ಪತ್ರದಲ್ಲಿ 'ಗ್ರಾಸ್' ಎಂದೇ ಬರೆದಿದ್ದರೆ ಲೆಕ್ಕ ಗ್ರಾಸ್ ಮೇಲೆಯೇ ಆಗುತ್ತದೆ. ಆಗಲೂ ಒಪ್ಪಂದದಲ್ಲಿ ಬರೆದ ಮೊತ್ತ ಮೇಲ್ಮಿತಿ ಮಾತ್ರ, ಆದ ನಷ್ಟಕ್ಕೆ ಸಮಂಜಸ ಪರಿಹಾರವಷ್ಟೇ ಸಲ್ಲಬೇಕು ಎಂಬ ತತ್ವ ಭಾರತೀಯ ಕರಾರು ಕಾಯ್ದೆಯ 74ನೇ ಕಲಂನಲ್ಲಿದೆ. ಆದರೆ ಅದನ್ನು ಹಿಡಿದು ಕೋರ್ಟಿಗೆ ಹೋಗುವುದಕ್ಕಿಂತ ಕೂತು ಮಾತಾಡಿ ಕೆಲವು ದಿನ ಮನ್ನಾ ಮಾಡಿಸಿಕೊಳ್ಳುವುದೇ ಹೆಚ್ಚಿನವರಿಗೆ ಲಾಭ. ಒಪ್ಪಂದದ ಮಾತಿಗೆ ಬೆಲೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬಿಟ್ಟು ಹೋದ ಪ್ರಕರಣದಲ್ಲಿ, ₹2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಹಾಗಾಗಿ ಪತ್ರದಲ್ಲಿ ಏನು ಬರೆದಿದೆ ಎಂಬುದೇ ಮುಖ್ಯ, ಎರಡೂ ಕಡೆಗೆ.

ದಿನಗಳನ್ನು ಎಣಿಸುವುದರಲ್ಲೂ ಜಾಗ್ರತೆ ಬೇಕು. ನಿಮ್ಮ ನೋಟಿಸ್ ಶುರುವಾಗುವುದು ನೀವು ಮೇಲ್ ಕಳಿಸಿದ ದಿನದಿಂದ, ಮ್ಯಾನೇಜರ್ ಅದನ್ನು ಸಿಸ್ಟಂನಲ್ಲಿ ಒಪ್ಪಿದ ದಿನದಿಂದಲ್ಲ. ನಿಮ್ಮ ವಿಷಯದಲ್ಲಿ ಮಾರ್ಚ್‌ನ 30 ದಿನ, ಏಪ್ರಿಲ್‌ನ 20 ದಿನ, ಒಟ್ಟು 50 ಸರಿಯಾಗಿದೆ. ಇಲ್ಲಿ ಭಾನುವಾರವನ್ನೂ ಸೇರಿಸಿ ಎಣಿಸಿದ್ದಾರೆ, ಆದ್ದರಿಂದ ಸಂಬಳವನ್ನು 30ರಿಂದ ಭಾಗಿಸಿದ್ದೂ ಸರಿ. ಕೆಲವು ಕಂಪನಿಗಳು ಕೊರತೆಯ ದಿನಗಳನ್ನು ರಜಾದಿನ ಸೇರಿಸಿ ಎಣಿಸಿ, ದಿನದ ದರವನ್ನು ಮಾತ್ರ 26ರಿಂದ ಭಾಗಿಸುತ್ತವೆ. ಆಗ ದರ ಮೇಲೇರುತ್ತದೆ, ನಿಮಗೆ ನಷ್ಟ. ದಿನ ಎಣಿಸಿದ ರೀತಿಯಲ್ಲೇ ಭಾಗಿಸಬೇಕು.

ಇನ್ನು ಆ ₹14,400. ಇದನ್ನು ನೋಡಿ ನನಗೆ ಸ್ವಲ್ಪ ಸಿಟ್ಟೇ ಬಂತು. ನೋಟಿಸ್ ಕೊರತೆಗಾಗಿ ಉದ್ಯೋಗಿಯಿಂದ ವಸೂಲಿ ಮಾಡುವ ಹಣ ಯಾವುದೋ ಸೇವೆಗೆ ಕೊಟ್ಟ ಬೆಲೆಯಲ್ಲ, ಅದರ ಮೇಲೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಸುತ್ತೋಲೆಯ ಸಂಖ್ಯೆ 178. ಅದಕ್ಕೂ ಮೊದಲು ಈ ಬಗ್ಗೆ ಗೊಂದಲ ಇದ್ದದ್ದು ನಿಜ, ಹಲವು ಕಂಪನಿಗಳು ಭಯಕ್ಕೆ ತೆರಿಗೆ ಹಾಕುತ್ತಿದ್ದವು. ಹಳೆಯ ನಮೂನೆಯನ್ನೇ ಇನ್ನೂ ಬಳಸುವವರ ಲೆಕ್ಕದಲ್ಲಿ ಆ ಬಾಬ್ತು ಹಾಗೇ ಉಳಿದುಕೊಂಡಿರುತ್ತದೆ. ಸಂಖ್ಯೆ, ದಿನಾಂಕ ಬರೆದು ಕೇಳಿ. ಆ ಸಾಲು ತೆಗೆಯಲು ಅವರಿಗೆ ಬೇರೆ ಆಧಾರ ಬೇಕಾಗುವುದಿಲ್ಲ.

ಈಗ ಮತ್ತೆ ಕೂಡಿಸೋಣ. ಬರಬೇಕಾದ್ದು ₹58,000. ಕಳೆಯಬೇಕಾದ್ದು ಪಿಎಫ್ ₹2,400, ವೃತ್ತಿ ತೆರಿಗೆ ₹200, ನೋಟಿಸ್ ₹40,000, ಒಟ್ಟು ₹42,600. ಉಳಿದದ್ದು ₹15,400, ಅದೂ ನಿಮಗೆ ಬರಬೇಕಾದ್ದು. ಕಂಪನಿಗೆ ನೀವು ಒಂದು ರೂಪಾಯಿಯನ್ನೂ ಕೈಯಿಂದ ಕಟ್ಟಬೇಕಿಲ್ಲ, ನಿಮ್ಮ ಸಂಬಳ ಮತ್ತು ರಜೆಯ ಹಣದಲ್ಲೇ ಎಲ್ಲ ತೀರಿ ಮಿಗುತ್ತದೆ. ಅಪ್ಪ ಸಾಲ ತರುವ ಮಾತನ್ನು ಇಲ್ಲಿಗೇ ನಿಲ್ಲಿಸಿ.

ಎಚ್‌ಆರ್‌ನವರು ಒಂದು ಮಾತು ಹೇಳಬಹುದು: 'ಪಾಲಿಸಿ ಬದಲಾಗಿದೆ, ಈಗ ಎಲ್ಲರಿಗೂ ಗ್ರಾಸ್.' ಹಾಗೆಂದರೆ ಬದಲಾದ ಪಾಲಿಸಿಯ ಪ್ರತಿ ಕೇಳಿ, ಅದನ್ನು ನಿಮಗೆ ಯಾವತ್ತು ತಿಳಿಸಿದರು, ನೀವು ಯಾವತ್ತು ಒಪ್ಪಿದಿರಿ ಎಂದೂ ಕೇಳಿ. ನಿಮ್ಮ ನೇಮಕಾತಿ ಪತ್ರದಲ್ಲಿ 'ಕಂಪನಿ ಕಾಲಕಾಲಕ್ಕೆ ಬದಲಿಸುವ ನಿಯಮಗಳಿಗೆ ಒಳಪಟ್ಟು' ಎಂಬ ಸಾಲಿದ್ದು, ಹೊಸ ಪಾಲಿಸಿಗೆ ನೀವು ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತಿದ್ದರೆ ನಿಮ್ಮ ವಾದದ ಬಲ ಕಡಿಮೆಯಾಗುತ್ತದೆ. ಅಂಥ ಸಂದರ್ಭದಲ್ಲಿ ಇನ್ನೊಂದು ದಾರಿ ನೋಡಿ: ಉಳಿದ 18 ದಿನ ರಜೆಯನ್ನು ಹಣವಾಗಿ ಕೊಡುವ ಬದಲು ನೋಟಿಸ್ ದಿನಗಳಿಗೇ ಹೊಂದಿಸಿ ಎಂದು ಕೇಳುವುದು. ಆಗ ಕೊರತೆ 40 ಇದ್ದದ್ದು 22 ದಿನಕ್ಕೆ ಇಳಿಯುತ್ತದೆ. ದಿನಕ್ಕೆ ₹2,000ದಂತೆ ಅದು ₹44,000. ರಜೆಯ ₹18,000 ಕೈಬಿಟ್ಟಿರಿ ನಿಜ, ಆದರೆ ವಸೂಲಿಯಲ್ಲಿ ₹36,000 ಉಳಿಯಿತು. ಇದಕ್ಕೆ ಕಂಪನಿಯ ಒಪ್ಪಿಗೆ ಬೇಕು, ಹಲವು ಕಂಪನಿಗಳು ಒಪ್ಪುತ್ತವೆ. ಎರಡೂ ಕಡೆ ಬೇಸಿಕ್ ದರವೇ ಇದ್ದಾಗ ಹೀಗೆ ಮಾಡಿ ಲಾಭವಿಲ್ಲ, ಮೊತ್ತ ಒಂದೇ ಬರುತ್ತದೆ.

ಇನ್ನು 'ಆಮೇಲೆ ನೋಡೋಣ' ಎಂದ ಗ್ರಾಚ್ಯುಟಿ. ನಿಮಗೆ ಬರಬೇಕಾದ ಅತಿ ದೊಡ್ಡ ಮೊತ್ತ ಇದೇ, ಲೆಕ್ಕದ ಕಾಗದದಲ್ಲಿ ಅದರ ಸುಳಿವೇ ಇಲ್ಲ. ಕಾಯಂ ಉದ್ಯೋಗಿಗೆ 5 ವರ್ಷದ ನಿರಂತರ ಸೇವೆ ತುಂಬಿದ್ದರೆ ರಾಜೀನಾಮೆ ಕೊಟ್ಟು ಹೋದರೂ ಗ್ರಾಚ್ಯುಟಿ ಬರುತ್ತದೆ. (ಈಗ ಒಂದೇ ವರ್ಷಕ್ಕೆ ಎಲ್ಲರಿಗೂ ಬರುತ್ತದಂತೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸುದ್ದಿ ಪೂರ್ತಿ ನಿಜವಲ್ಲ. ಅದು ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರಿದವರಿಗೆ.) ಕೊನೆಯ ತಿಂಗಳ ಬೇಸಿಕ್ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದನ್ನು ಪೂರ್ತಿ ವರ್ಷವೆಂದು ಹಿಡಿಯುತ್ತಾರೆ. ಹಾಗಾಗಿ ನಿಮ್ಮ 5 ವರ್ಷ 8 ತಿಂಗಳು ಲೆಕ್ಕಕ್ಕೆ 6 ವರ್ಷ. ಮೊತ್ತ ₹1,03,846. ಇಲ್ಲಿ 26 ಎಂಬುದು ಕಾನೂನೇ ಹೇಳಿದ ಅಂಕಿ, ನೋಟಿಸ್‌ನ 30ರ ಜೊತೆ ಇದನ್ನು ಬೆರೆಸಬೇಡಿ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗ್ರಾಚ್ಯುಟಿಯ ಈ ಸೂತ್ರ ಅವುಗಳಲ್ಲೂ ಹಾಗೇ ಇದೆ, 30 ದಿನದೊಳಗೆ ಕೊಡಬೇಕು ಎಂಬುದೂ ಹಾಗೇ ಇದೆ, ತಡವಾದರೆ ಬಡ್ಡಿ ಸೇರುತ್ತದೆ. ಬದಲಾದದ್ದು 'ವೇತನ'ದ ವ್ಯಾಖ್ಯೆ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನಕ್ಕೆ ಸೇರಿಸಬೇಕು. ನಿಮ್ಮ ಬೇಸಿಕ್ ಗ್ರಾಸ್‌ನ ಅರ್ಧವೇ ಇರುವುದರಿಂದ ನಿಮಗೆ ದೊಡ್ಡ ವ್ಯತ್ಯಾಸವಾಗದು. ಬೇಸಿಕ್ ಅರ್ಧಕ್ಕಿಂತ ಬಹಳ ಕಡಿಮೆ ಇರುವವರು ಮಾತ್ರ ಗ್ರಾಚ್ಯುಟಿಯನ್ನು ಯಾವ ಮೊತ್ತದ ಮೇಲೆ ಹಾಕಿದ್ದಾರೆ ಎಂದು ಕೇಳಲೇಬೇಕು.

ಗ್ರಾಚ್ಯುಟಿಯನ್ನು ಯಾವಾಗ ತಡೆಹಿಡಿಯಬಹುದು ಎಂದು ಕಾನೂನು ಬಿಗಿಯಾಗಿ ಹೇಳುತ್ತದೆ. ಕಂಪನಿಯ ಆಸ್ತಿಗೆ ಹಾನಿ ಮಾಡಿದ್ದಕ್ಕೋ, ಹೊಡೆದಾಟದಂಥ ಗಂಭೀರ ದುರ್ನಡತೆಗೋ ಕೆಲಸದಿಂದ ತೆಗೆದಾಗ ಮಾತ್ರ. ನಿಮ್ಮನ್ನು ಯಾರೂ ತೆಗೆದಿಲ್ಲ, ನೀವೇ ರಾಜೀನಾಮೆ ಕೊಟ್ಟವರು. ನೋಟಿಸ್ ದಿನ ಕಡಿಮೆಯಾಯಿತೆಂದು ಗ್ರಾಚ್ಯುಟಿಯಲ್ಲಿ ಮುರಿದುಕೊಳ್ಳುವಂತಿಲ್ಲ, ರಿಲೀವಿಂಗ್ ಲೆಟರ್ ಜೊತೆ ಗಂಟು ಹಾಕುವಂತೆಯೂ ಇಲ್ಲ. ಪಿಎಫ್ ಹಣವೂ ಹಾಗೆಯೇ, ಅದು ನಿಮ್ಮ ಯುಎಎನ್ ಖಾತೆಯಲ್ಲಿರುವ ನಿಮ್ಮ ದುಡ್ಡು. ಹಳೆಯ ಕಂಪನಿ ನೀವು ಬಿಟ್ಟ ದಿನಾಂಕವನ್ನು ಅದರಲ್ಲಿ ನಮೂದಿಸಿದರೆ ಸಾಕು. ಹಣ ತೆಗೆಯಬೇಡಿ, ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳಿ.

ಈಗ ಏನು ಮಾಡಬೇಕು? ಫೋನಿನಲ್ಲಿ ಜಗ್ಗಾಡಬೇಡಿ, ಮನಸ್ಸು ಕೆಡುತ್ತದೆ, ದಾಖಲೆಯೂ ಉಳಿಯುವುದಿಲ್ಲ. ಎಚ್‌ಆರ್‌ಗೆ ಒಂದು ಮೇಲ್ ಬರೆಯಿರಿ. ದೂರಿನ ಧ್ವನಿ ಬೇಡ, ಲೆಕ್ಕದ ಧ್ವನಿ ಸಾಕು. 40 ದಿನದ ಕೊರತೆಯನ್ನು ಒಪ್ಪುತ್ತೇನೆ ಎಂದು ಮೊದಲ ಸಾಲಿನಲ್ಲೇ ಹೇಳಿ. ಅದರಿಂದ ಓದುವವರ ಮನಸ್ಸು ಅರ್ಧ ತಿಳಿಯಾಗುತ್ತದೆ. ಆಮೇಲೆ ನೇಮಕಾತಿ ಪತ್ರದ ಷರತ್ತಿನ ಪ್ರಕಾರ ಅದು ₹40,000 ಆಗುತ್ತದೆ, ಜಿಎಸ್‌ಟಿ ಸಾಲು ಸುತ್ತೋಲೆ 178ರ ಪ್ರಕಾರ ಬರುವುದಿಲ್ಲ, ಪರಿಷ್ಕೃತ ಲೆಕ್ಕ ಕಳಿಸಿ ₹15,400 ಪಾವತಿಸಿ ರಿಲೀವಿಂಗ್ ಲೆಟರ್ ಕೊಡಿ ಎಂದು ಬರೆಯಿರಿ. ಗ್ರಾಚ್ಯುಟಿಗೆ ಪ್ರತ್ಯೇಕ ಅರ್ಜಿಯನ್ನು ಅದೇ ದಿನ ಕಳಿಸಿ. ಎರಡನ್ನೂ ಒಂದೇ ಮೇಲ್‌ನಲ್ಲಿ ಬೆರೆಸಿದರೆ ಅವರೂ ಬೆರೆಸುತ್ತಾರೆ.

ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೈಸೇರಬೇಕು. ಬಹಳ ಕಂಪನಿಗಳು ಇನ್ನೂ ಹಳೆಯ ರೂಢಿಯಂತೆ 30ರಿಂದ 45 ದಿನ ತೆಗೆದುಕೊಳ್ಳುತ್ತಿವೆ. ಮೇಲ್‌ನಲ್ಲಿ ಈ ನಿಯಮವನ್ನು ಒಂದು ವಾಕ್ಯದಲ್ಲಿ ನೆನಪಿಸಿ, ಬೆದರಿಕೆಯಂತೆ ಕೇಳಿಸದಿರಲಿ.

ಇನ್ನೊಂದು ಎಚ್ಚರ. 'ಕಂಪನಿಯಿಂದ ನನಗೆ ಯಾವ ಬಾಕಿಯೂ ಇಲ್ಲ' ಎಂದು ಬರೆದ ಕಾಗದಕ್ಕೆ, ಹಣ ಬರುವ ಮೊದಲು ಸಹಿ ಹಾಕಬೇಡಿ. ಹಾಕಲೇಬೇಕಾದರೆ ಸಹಿಯ ಮೇಲೆ 'ಗ್ರಾಚ್ಯುಟಿ ಬಾಕಿ ಇದೆ' ಎಂದು ನಿಮ್ಮ ಕೈಯಾರೆ ಬರೆದು, ಫೋಟೊ ತೆಗೆದಿಟ್ಟುಕೊಳ್ಳಿ.

ಹೊಸ ಕಂಪನಿಗೆ ವಿಷಯ ಮುಚ್ಚಿಡಬೇಡಿ. ರಿಲೀವಿಂಗ್ ಲೆಟರ್ ತಡವಾಗುತ್ತಿದೆ, ಲೆಕ್ಕದ ಬಗ್ಗೆ ಮಾತು ನಡೆಯುತ್ತಿದೆ ಎಂದು ಹೇಳಿ, ರಾಜೀನಾಮೆ ಒಪ್ಪಿದ ಮೇಲ್ ಮತ್ತು ಕೊನೆಯ ತಿಂಗಳುಗಳ ಸಂಬಳ ಚೀಟಿ ಕೊಡಿ. ಇಂಥ ಪ್ರಸಂಗ ಅವರಿಗೆ ಹೊಸದಲ್ಲ. ಬೈಔಟ್ ಹಣವನ್ನು ಭರಿಸುತ್ತೀರಾ ಎಂದೂ ಸಂಕೋಚವಿಲ್ಲದೆ ಕೇಳಬಹುದು. ಕೊಟ್ಟರೆ ಅದನ್ನು ಸಾಮಾನ್ಯವಾಗಿ ನಿಮ್ಮ ಸಂಬಳದ ಭಾಗವೆಂದೇ ಹಿಡಿದು ತೆರಿಗೆ ಲೆಕ್ಕ ಹಾಕುತ್ತಾರೆ, ಒಂದು ವರ್ಷದೊಳಗೆ ಬಿಟ್ಟರೆ ವಾಪಸು ಕೊಡಬೇಕೆಂಬ ಷರತ್ತೂ ಇರಬಹುದು. ಓದಿ ಒಪ್ಪಿ.

ಎರಡು ವಾರ ಕಾದರೂ ಉತ್ತರ ಬರದಿದ್ದರೆ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ನಿಮ್ಮ ಪ್ರದೇಶದ ಅಧಿಕಾರಿ ಯಾರೆಂದು ಕೇಳಿ. ನೇಮಕಾತಿ ಪತ್ರ, ಮೂರು ತಿಂಗಳ ಸಂಬಳ ಚೀಟಿ, ರಾಜೀನಾಮೆ ಮೇಲ್, ಅವರು ಕಳಿಸಿದ ಲೆಕ್ಕ, ನೀವು ಬರೆದ ಉತ್ತರ, ಇಷ್ಟರ ನಕಲು ಕೈಯಲ್ಲಿರಲಿ. ವಕೀಲರ ಸಲಹೆ ಬೇಕೆಂದರೆ ಖರ್ಚಿನ ಚಿಂತೆ ಬೇಡ: ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಲೆಕ್ಕ ತಿಳಿಯಾದ ಮೇಲೂ ನಿದ್ದೆ ಬಾರದಿದ್ದರೆ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನೀವು ಬಿಟ್ಟದ್ದು ಏಪ್ರಿಲ್ 20ಕ್ಕೆ. ಗ್ರಾಚ್ಯುಟಿಯ ಗಡುವು ಮೇ 20. ಅರ್ಜಿಯನ್ನು ಇಂದೇ ಕಳಿಸಿ.